ಗುಳಿಗೆ ಮಾತ್ರ ತಗೊಳ್ಳುವ ಶುಗರ್‌ನವರಿಗೆ ಮನೆಯಲ್ಲಿ ಗ್ಲುಕೋಮೀಟರ್ ಬೇಕೇ? ಇರುವ ದಾರಿಗಳ ಹೋಲಿಕೆ

ಶುಗರ್ ಇದೆ ಎಂದು ಗೊತ್ತಾದ ತಿಂಗಳೊಳಗೆ ಬಹಳ ಮನೆಗಳಿಗೆ ಗ್ಲುಕೋಮೀಟರ್ ಬಂದುಬಿಡುತ್ತದೆ. ಬೆಂಗಳೂರಿನಲ್ಲಿರುವ ಮಗ ಆನ್‌ಲೈನಿನಲ್ಲಿ ಕಳಿಸಿರುತ್ತಾನೆ, ಇಲ್ಲವೇ ಗುಳಿಗೆ ತರಲು ಹೋದಾಗ ಔಷಧ ಅಂಗಡಿಯವರು ತೋರಿಸಿರುತ್ತಾರೆ. ಮೊದಲ ಎರಡು ವಾರ ಬೆಳಿಗ್ಗೆ ಎದ್ದ ಕೂಡಲೇ ಬೆರಳು ಚುಚ್ಚುವುದು, ಅಂಕಿ ಬರೆದಿಡುವುದು. ಆಮೇಲೆ ಒಂದು ಪ್ರಶ್ನೆ ಹುಟ್ಟುತ್ತದೆ: ಇದನ್ನು ಹೀಗೇ ನಡೆಸಿಕೊಂಡು ಹೋಗಬೇಕೋ, ಬಿಡಬೇಕೋ? ಬಿಟ್ಟರೆ ಏನಾದರೂ ಕೈತಪ್ಪುತ್ತದೆಯೋ?

ಈ ಬರಹ ಟೈಪ್ 2 ಸಕ್ಕರೆ ಕಾಯಿಲೆಗೆ ಗುಳಿಗೆ ಮಾತ್ರ ತೆಗೆದುಕೊಳ್ಳುವವರಿಗೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಗರ್ಭಿಣಿಯರಿಗೆ, ಟೈಪ್ 1 ಇರುವ ಮಕ್ಕಳಿಗೆ ಮನೆಯ ಪರೀಕ್ಷೆ ಬೇಕೇ ಬೇಕು. ಅವರ ಲೆಕ್ಕವೇ ಬೇರೆ, ಇಲ್ಲಿ ಹೇಳುವುದು ಅವರಿಗೆ ಅನ್ವಯಿಸುವುದಿಲ್ಲ.

ಗುಳಿಗೆಯವರ ಮುಂದೆ ಇರುವ ದಾರಿ ನಾಲ್ಕು. ದಿನಾ ಮನೆಯಲ್ಲಿ ನೋಡಿಕೊಳ್ಳುವುದು ಒಂದು. ಮನೆಯಲ್ಲಿ ನೋಡದೆ ಲ್ಯಾಬಿನಲ್ಲಿ ಎಚ್‌ಬಿಎ1ಸಿ, ಅಂದರೆ ಜನ ಹೇಳುವ ‘ಮೂರು ತಿಂಗಳ ಶುಗರ್’ ಮಾಡಿಸುವುದು ಎರಡನೆಯದು. ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಿ ಖಾಲಿ ಹೊಟ್ಟೆಯ ಮತ್ತು ಊಟದ ನಂತರದ ರಕ್ತ ಕೊಡುವುದು ಮೂರನೆಯದು. ನಮ್ಮ ಕಡೆ ಹೆಚ್ಚಿನವರು ಮಾಡುವುದು ಇದನ್ನೇ. ನಾಲ್ಕನೆಯದು, ಮೀಟರ್ ಇಟ್ಟುಕೊಂಡು ಒಂದು ಪ್ರಶ್ನೆಗೆ ಉತ್ತರ ಬೇಕಾದಾಗ ಮಾತ್ರ ಕೆಲವು ದಿನ ಲೆಕ್ಕವಿಟ್ಟು ನೋಡುವುದು.

ಯಾವುದರಿಂದ ಅಳೆಯಬೇಕು

ಮೊದಲ ಅಳತೆಗೋಲು: ಆ ಅಂಕಿ ನೋಡಿದ ಮೇಲೆ ನೀವು ಏನನ್ನಾದರೂ ಬದಲಿಸುತ್ತೀರಾ? ಇನ್ಸುಲಿನ್ ತಗೊಳ್ಳುವವರು ಮೀಟರ್ ನೋಡಿ ಅವತ್ತಿನ ಯುನಿಟ್ ಹೆಚ್ಚು ಕಡಿಮೆ ಮಾಡುತ್ತಾರೆ. ಗುಳಿಗೆ ಹಾಗಲ್ಲ. ಇವತ್ತು 148 ಬಂತೆಂದು ಮೆಟ್‌ಫಾರ್ಮಿನ್ ಒಂದೂವರೆ ನುಂಗುವಂತಿಲ್ಲ, ನಾಳೆ 112 ಬಂತೆಂದು ಬಿಡುವಂತೆಯೂ ಇಲ್ಲ. ಹೀಗಾಗಿ ಅಂಕಿ ಬದಲಿಸಬಹುದಾದದ್ದು ತಟ್ಟೆಯನ್ನು, ನಡಿಗೆಯನ್ನು, ಇಲ್ಲವೇ ಮುಂದಿನ ಭೇಟಿಯಲ್ಲಿ ಡಾಕ್ಟರು ಬರೆಯುವ ಚೀಟಿಯನ್ನು ಮಾತ್ರ.

ಎರಡನೆಯದು, ನಿಮ್ಮ ಗುಳಿಗೆಗೆ ಶುಗರನ್ನು ಅತಿಯಾಗಿ ಇಳಿಸುವ ಗುಣ ಇದೆಯೇ ಎಂಬುದು. ನನ್ನ ಅಭಿಪ್ರಾಯದಲ್ಲಿ ಉಳಿದೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು, ಆದರೆ ಮೀಟರ್ ಕೊಳ್ಳುವಾಗ ಯಾರೂ ಕೇಳುವುದಿಲ್ಲ. ಮೂರನೆಯದು ಅಂಕಿ ಎಷ್ಟು ನಂಬಿಕೆಗೆ ಅರ್ಹ ಎಂಬುದು. ನಾಲ್ಕನೆಯದು ಖರ್ಚು, ಜೊತೆಗೆ ಮನಸ್ಸಿನ ಮೇಲೆ ಬೀಳುವ ಭಾರ.

ಗುಳಿಗೆಯ ಹಾಳೆ ತಿರುಗಿಸಿ ನೋಡಿ

ಗುಳಿಗೆ ಹಾಳೆಯ ಮೇಲೆ ದೊಡ್ಡದಾಗಿ ಇರುವುದು ಕಂಪನಿ ಇಟ್ಟ ಹೆಸರು. ಅದು ಬೇಡ. ಹಿಂದೆ ಸಣ್ಣಕ್ಷರದಲ್ಲಿ ಒಳಗಿರುವ ಔಷಧದ ಹೆಸರು ಇರುತ್ತದೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್, ಗ್ಲಿಬೆನ್‌ಕ್ಲಮೈಡ್: ಹೀಗೆ ‘ಗ್ಲಿ’ ಎಂದು ಶುರುವಾಗುವ ಹೆಸರು ಇದ್ದರೆ ಅದು ಸಲ್ಫೊನಿಲ್‌ಯೂರಿಯಾ ಗುಂಪಿನದು. ಹೊಟ್ಟೆಯಲ್ಲಿ ಅನ್ನ ಇರಲಿ ಬಿಡಲಿ, ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಊಟ ತಪ್ಪಿದರೆ, ಹೊಲದಲ್ಲಿ ಹೆಚ್ಚು ದುಡಿದರೆ, ಕಿಡ್ನಿ ಸೋತಿದ್ದರೆ ಶುಗರ್ 70ಕ್ಕಿಂತ ಕೆಳಗೆ ಇಳಿಯಬಹುದು. ರೆಪಾಗ್ಲಿನೈಡ್ ಹೆಸರು ‘ಗ್ಲಿ’ಯಿಂದ ಶುರುವಾಗದಿದ್ದರೂ ಸ್ವಭಾವ ಹೆಚ್ಚುಕಡಿಮೆ ಅದೇ.

ಮೆಟ್‌ಫಾರ್ಮಿನ್, ಪಿಯೊಗ್ಲಿಟಜೋನ್, ಸಿಟಾಗ್ಲಿಪ್ಟಿನ್ ಅಥವಾ ವಿಲ್ಡಾಗ್ಲಿಪ್ಟಿನ್, ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಇವುಗಳಲ್ಲಿ ಹಲವದರ ನಡುವೆ ‘ಗ್ಲಿ’ ಬಂದರೂ ಗುಂಪು ಬೇರೆ. ಇವು ತಾವಾಗಿಯೇ ಶುಗರನ್ನು ಅಪಾಯದ ಮಟ್ಟಕ್ಕೆ ಇಳಿಸುವುದು ಬಹಳ ಅಪರೂಪ. ಒಂದು ಎಚ್ಚರ: ನಮ್ಮಲ್ಲಿ ಒಂದೇ ಗುಳಿಗೆಯಲ್ಲಿ ಎರಡು ಮೂರು ಔಷಧ ಸೇರಿಸಿದ್ದು ತುಂಬಾ ಬಳಕೆಯಲ್ಲಿದೆ. “ನನಗೆ ಮೆಟ್‌ಫಾರ್ಮಿನ್ ಒಂದೇ” ಎನ್ನುವವರ ಹಾಳೆಯಲ್ಲಿ ಬಹಳ ಸಲ ಗ್ಲಿಮೆಪಿರೈಡ್ ಒಂದೋ ಎರಡೋ ಮಿಲಿಗ್ರಾಂ ಸೇರಿಕೊಂಡಿರುತ್ತದೆ. ಗೊತ್ತಾಗದಿದ್ದರೆ ಅಂಗಡಿಯವರಿಗೇ “ಇದರೊಳಗೆ ಗ್ಲಿಮೆಪಿರೈಡ್ ಐತೇನ್ರಿ?” ಎಂದು ಕೇಳಿ.

ದಿನಾ ನೋಡುವುದು

ಇದರ ಬಗ್ಗೆ ಒಳ್ಳೆಯ ಪ್ರಯೋಗಗಳು ನಡೆದಿವೆ. ಬ್ರಿಟನ್ನಿನ ಡೈಜೆಮ್ ಪ್ರಯೋಗದಲ್ಲಿ ಇನ್ಸುಲಿನ್ ಇಲ್ಲದ 453 ಜನರನ್ನು ಒಂದು ವರ್ಷ ನೋಡಿದರು. ಫಲಿತಾಂಶ ಬಂದದ್ದು 2007ರಲ್ಲಿ. ಮೀಟರ್ ಇದ್ದವರಿಗೂ ಇಲ್ಲದವರಿಗೂ ಎಚ್‌ಬಿಎ1ಸಿಯಲ್ಲಿ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸ ಸಿಗಲಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನಡೆದ ಮಾನಿಟರ್ ಪ್ರಯೋಗ 2017ರಲ್ಲಿ 450 ಜನರ ಮೇಲೆ ಅದನ್ನೇ ಕಂಡಿತು. ದಿನಾ ಚುಚ್ಚಿಕೊಂಡವರಿಗೆ ವರ್ಷದ ಕೊನೆಗೆ ಎಚ್‌ಬಿಎ1ಸಿಯಲ್ಲೂ ಲಾಭ ಇರಲಿಲ್ಲ, ಬದುಕಿನ ನೆಮ್ಮದಿಯಲ್ಲೂ ಇರಲಿಲ್ಲ. ಇಂಥ 12 ಪ್ರಯೋಗಗಳನ್ನು ಸೇರಿಸಿ ನೋಡಿದ 2012ರ ಕೊಕ್ರೇನ್ ವಿಮರ್ಶೆಯ ಪ್ರಕಾರ ಆರು ತಿಂಗಳಿಗೆ ಸುಮಾರು 0.3 ಶೇಕಡಾ ಅಂಶದಷ್ಟು ಇಳಿಕೆ ಇದೆ, ವರ್ಷ ತುಂಬುವಷ್ಟರಲ್ಲಿ ಅದೂ ಕರಗಿಹೋಗುತ್ತದೆ. ಉತ್ತರ ಐರ್ಲೆಂಡಿನ ಎಸ್ಮಾನ್ ಪ್ರಯೋಗದಲ್ಲಿ ಹೊಸದಾಗಿ ಶುಗರ್ ಬಂದ 184 ಜನರಿದ್ದರು. ಅಲ್ಲಿ ಮೀಟರ್ ಹಿಡಿದವರಲ್ಲಿ ಖಿನ್ನತೆಯ ಅಂಕ ತುಸು ಹೆಚ್ಚೇ ಇತ್ತು.

ಇದಕ್ಕೆ ಕಾರಣ ಮೊದಲ ಅಳತೆಗೋಲಿನಲ್ಲೇ ಇದೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯ ಅಂಕಿ ಬರೆದಿಡುತ್ತಾ ಹೋದರೂ ಅದರಿಂದ ಯಾವ ನಿರ್ಧಾರವೂ ಹುಟ್ಟುವುದಿಲ್ಲ. ಅದರ ಮೇಲೆ ಮೀಟರಿನದೇ ಏರುಪೇರು ಇದೆ. ಮೀಟರುಗಳಿಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಹೇಳುವುದು ಇಷ್ಟೇ: ಶುಗರ್ 100 ಅಥವಾ ಅದಕ್ಕಿಂತ ಮೇಲಿದ್ದಾಗ, ನೂರರಲ್ಲಿ 95 ಸಲ ಅಂಕಿ ನಿಜದಿಂದ ಶೇಕಡಾ 15ರೊಳಗೆ ಇದ್ದರೆ ಸಾಕು. ಅಂದರೆ ನಿಜವಾದ ಶುಗರ್ 140 ಇದ್ದರೆ ಒಳ್ಳೆಯ ಮೀಟರ್ ಕೂಡ 119ರಿಂದ 161ರವರೆಗೆ ಏನನ್ನಾದರೂ ತೋರಿಸಬಹುದು, ತೋರಿಸಿದರೂ ಅದು ಕೆಟ್ಟಿಲ್ಲ. ನಿನ್ನೆ 126, ಇವತ್ತು 149 ಬಂತೆಂದು ‘ರಾತ್ರಿ ತಿಂದ ಆ ಒಂದು ಹೋಳಿಗೆಯಿಂದಲೇ’ ಎಂದು ಕೊರಗುವವರು, ಎಷ್ಟೋ ಸಲ ಯಂತ್ರದ ಏರುಪೇರಿಗೆ ತಮ್ಮನ್ನೇ ಬೈದುಕೊಳ್ಳುತ್ತಿರುತ್ತಾರೆ. ಇದು ನೋಡಿ ಬಹಳ ಸಂಕಟವಾಗುತ್ತದೆ.

ಖರ್ಚಿನ ಲೆಕ್ಕ ಹೀಗೆ. ಮೀಟರಿಗೆ ಹಾಕುವ ಒಂದು ಸ್ಟ್ರಿಪ್ಪಿಗೆ 20 ರೂಪಾಯಿ ಎಂದಿಟ್ಟುಕೊಂಡರೆ (ಬ್ರಾಂಡ್ ನೋಡಿ ಹೆಚ್ಚು ಕಡಿಮೆ ಆಗುತ್ತದೆ), ದಿನಕ್ಕೊಂದರಂತೆ ವರ್ಷಕ್ಕೆ 7,300 ರೂಪಾಯಿ. ಎರಡರಂತೆ 14,600. ಮೀಟರ್ ಅಗ್ಗವಾಗಿ ಸಿಕ್ಕಿತೆಂದು ಖುಷಿಪಡುವ ಮೊದಲು ಅದರ ಸ್ಟ್ರಿಪ್ ಬೆಲೆ ಕೇಳಬೇಕು. ಒಂದು ಮೀಟರಿಗೆ ಇನ್ನೊಂದರ ಸ್ಟ್ರಿಪ್ ಹೊಂದುವುದಿಲ್ಲ.

ಮೂರು ತಿಂಗಳ ಶುಗರ್

ಶುಗರ್ ಕೆಂಪು ರಕ್ತಕಣದ ಹಿಮೋಗ್ಲೋಬಿನ್ನಿಗೆ ನಿಧಾನವಾಗಿ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ್ದು ಶೇಕಡಾ ಎಷ್ಟು ಎಂದು ಅಳೆಯುವುದೇ ಎಚ್‌ಬಿಎ1ಸಿ. ಕಣದ ಆಯಸ್ಸು ಸುಮಾರು ಮೂರು ನಾಲ್ಕು ತಿಂಗಳು. ಹೀಗಾಗಿ ಹಿಂದಿನ ರಾತ್ರಿ ಉಪವಾಸ ಮಾಡಿ ಇದನ್ನು ಇಳಿಸಲು ಬರುವುದಿಲ್ಲ, ಒಂದು ದಿನದ ಮದುವೆ ಊಟ ಇದನ್ನು ಏರಿಸುವುದೂ ಇಲ್ಲ. 7 ಬಂದರೆ ಸರಾಸರಿ ಶುಗರ್ ಸುಮಾರು 154, 8 ಬಂದರೆ 183, 9 ಬಂದರೆ 212. ಬಹುತೇಕರಿಗೆ ಗುರಿ 7ರೊಳಗೆ. ವಯಸ್ಸಾದವರಿಗೆ, ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರಿಗೆ ಡಾಕ್ಟರು ತುಸು ಸಡಿಲ ಗುರಿ ಇಡುತ್ತಾರೆ. ಔಷಧ ಬದಲಾದಾಗ ಮೂರು ತಿಂಗಳಿಗೊಮ್ಮೆ, ಗುರಿಯೊಳಗೆ ನಿಂತ ಮೇಲೆ ಆರು ತಿಂಗಳಿಗೊಮ್ಮೆ ಸಾಕು. ಒಮ್ಮೆಗೆ 500 ರೂಪಾಯಿ ಹಿಡಿದರೂ ವರ್ಷಕ್ಕೆ 1,000ದಿಂದ 2,000. ಖಾಲಿ ಹೊಟ್ಟೆಯಲ್ಲಿ ಹೋಗುವ ಅಗತ್ಯವೂ ಇಲ್ಲ.

ಶುಗರ್ ಅತಿಯಾಗಿ ಇಳಿಸದ ಗುಂಪಿನ ಗುಳಿಗೆ ತಗೊಳ್ಳುತ್ತಿದ್ದು, ಎಚ್‌ಬಿಎ1ಸಿ 7ರೊಳಗೆ ಇರುವವರಿಗೆ ಇದೊಂದೇ ಸಾಕು. ಮನೆಯಲ್ಲಿ ಮೀಟರ್ ಇಲ್ಲದಿರುವುದರಿಂದ ಅವರು ಏನನ್ನೂ ಕಳೆದುಕೊಳ್ಳುವುದಿಲ್ಲ.

ಆದರೆ ಇದು ಸುಳ್ಳು ಹೇಳುವ ಸಂದರ್ಭಗಳೂ ಇವೆ, ನಮ್ಮ ಕಡೆ ಅವು ಅಪರೂಪವಲ್ಲ. ಕಬ್ಬಿಣದಂಶ ಕಡಿಮೆಯಾಗಿ ರಕ್ತಹೀನತೆ ಬಂದ ಹೆಣ್ಣುಮಕ್ಕಳಲ್ಲಿ ಎಚ್‌ಬಿಎ1ಸಿ ನಿಜಕ್ಕಿಂತ ಹೆಚ್ಚು ಬರುತ್ತದೆ. ಇತ್ತೀಚೆಗೆ ರಕ್ತ ಹೋಗಿದ್ದರೆ, ರಕ್ತ ಹಾಕಿಸಿಕೊಂಡಿದ್ದರೆ, ಡಯಾಲಿಸಿಸ್ ನಡೆದಿದ್ದರೆ ಕಡಿಮೆ ಬರುತ್ತದೆ. ಮೀಟರಿನಲ್ಲಿ ನೋಡಿ ತಾಳೆ ಹಾಕೋಣವೆಂದರೆ ಅಲ್ಲೂ ಒಂದು ತೊಡಕು: ರಕ್ತ ತೆಳುವಾಗಿದ್ದರೆ ಮೀಟರ್ ಕೂಡ ತುಸು ಹೆಚ್ಚೇ ತೋರಿಸುತ್ತದೆ. ಹೀಗೆ ಎರಡೂ ಒಂದೇ ದಿಕ್ಕಿಗೆ ತಪ್ಪಿದಾಗ ‘ಎರಡೂ ಹೊಂದಿಕೊಂಡವಲ್ಲ’ ಎಂದು ನಂಬಿ ಗುಳಿಗೆ ಹೆಚ್ಚಿಸುವ ಅಪಾಯ ಇದೆ. ಹಿಮೋಗ್ಲೋಬಿನ್ ಕಡಿಮೆ ಇದ್ದವರಿಗೆ ಲ್ಯಾಬಿನಲ್ಲಿ ತೋಳಿನಿಂದ ತೆಗೆದ ರಕ್ತದ ಶುಗರೇ ಆಧಾರ.

ತಿಂಗಳಿಗೊಮ್ಮೆ ಲ್ಯಾಬ್

ಈ ದಾರಿ ಕೆಟ್ಟದ್ದಲ್ಲ, ಮಾಡುವ ರೀತಿಯಲ್ಲಿ ತಪ್ಪುತ್ತದೆ. ‘ಟೆಸ್ಟ್ ಐತಿ’ ಎಂದು ಹಿಂದಿನ ರಾತ್ರಿ ಅರ್ಧ ರೊಟ್ಟಿ ತಿಂದು ಮಲಗಿದರೆ ಬರುವ ಅಂಕಿ ಆ ರಾತ್ರಿಯದು, ನಿಮ್ಮ ತಿಂಗಳಿನದಲ್ಲ. ಊಟದ ನಂತರದ ರಕ್ತಕ್ಕೆ ಹೋಗುವ ದಿನ ಗುಳಿಗೆ ತಪ್ಪಿಸುವವರೂ ಇದ್ದಾರೆ. ದಿನಾ ತಗೊಳ್ಳುವಂತೆಯೇ ತಗೊಂಡು, ದಿನಾ ಉಣ್ಣುವಷ್ಟೇ ಉಣ್ಣಬೇಕು. ಎರಡು ತಾಸನ್ನು ಮೊದಲ ತುತ್ತಿನಿಂದ ಎಣಿಸಬೇಕು, ಕೈ ತೊಳೆದ ಹೊತ್ತಿನಿಂದಲ್ಲ.

ಹಳ್ಳಿಯ ಕಲೆಕ್ಷನ್ ಸೆಂಟರಿನಲ್ಲಿ ರಕ್ತ ಕೊಟ್ಟರೆ ಇನ್ನೊಂದು ವಿಷಯ ನೋಡಿಕೊಳ್ಳಿ. ಟ್ಯೂಬಿನೊಳಗಿನ ರಕ್ತಕಣಗಳು ಶುಗರನ್ನು ತಿನ್ನುತ್ತಲೇ ಇರುತ್ತವೆ, ಮಾದರಿ ಪೇಟೆಗೆ ಮುಟ್ಟುವಷ್ಟರಲ್ಲಿ ಅಂಕಿ ಇಳಿದಿರುತ್ತದೆ. ಅದಕ್ಕಾಗಿ ಶುಗರಿನ ರಕ್ತವನ್ನು ಫ್ಲೋರೈಡ್ ಇರುವ, ಬೂದು ಬಣ್ಣದ ಮುಚ್ಚಳದ ಟ್ಯೂಬಿಗೆ ಹಾಕುತ್ತಾರೆ. ಬೇರೆ ಬಣ್ಣದ ಟ್ಯೂಬಿಗೆ ಹಾಕಿ ತಾಸುಗಟ್ಟಲೆ ಇಟ್ಟರೆ ಸಂಜೆ ಬರುವ ‘ನಾರ್ಮಲ್’ ರಿಪೋರ್ಟನ್ನು ನಂಬುವಂತಿಲ್ಲ. ಕೈಯಲ್ಲಿ ಹಣ ಓಡಾಡದವರು ಸರ್ಕಾರಿ ತಾಲೂಕು ದವಾಖಾನೆಯ ಎನ್‌ಸಿಡಿ ಕ್ಲಿನಿಕ್ ಕೇಳಿ ಹೋಗಬಹುದು. ಬಿಪಿ, ಶುಗರ್ ನೋಡುವುದು ಅಲ್ಲಿನ ದಿನದ ಕೆಲಸ.

ಲೆಕ್ಕವಿಟ್ಟು ಕೆಲವೇ ದಿನ ನೋಡುವುದು

ಮೀಟರಿನಿಂದ ಗುಳಿಗೆಯವರಿಗೆ ನಿಜವಾದ ಲಾಭ ಸಿಗುವುದು ಇಲ್ಲಿ. 2011ರ ಸ್ಟೆಪ್ ಎಂಬ ಪ್ರಯೋಗದಲ್ಲಿ ಇನ್ಸುಲಿನ್ ಇಲ್ಲದವರಿಗೆ ಡಾಕ್ಟರ ಭೇಟಿಗೆ ಮುಂಚೆ ಸಾಲಾಗಿ ಮೂರು ದಿನ, ದಿನಕ್ಕೆ ಏಳು ಸಲ ನೋಡಿ ಒಂದು ಹಾಳೆಯಲ್ಲಿ ಗುರುತಿಸಿಕೊಂಡು ಬರಲು ಹೇಳಿದರು. ಹಾಳೆ ನೋಡಿ ಔಷಧ ಬದಲಿಸಲು ಡಾಕ್ಟರಿಗೂ ತರಬೇತಿ ಕೊಟ್ಟಿದ್ದರು. ಒಂದು ವರ್ಷಕ್ಕೆ ಎಚ್‌ಬಿಎ1ಸಿ 1.2 ಅಂಶ ಇಳಿಯಿತು, ಮಾಮೂಲಿ ಆರೈಕೆಯಲ್ಲಿದ್ದವರಲ್ಲಿ 0.9. ವ್ಯತ್ಯಾಸ ದೊಡ್ಡದಲ್ಲ, ಆದರೆ ಇದೆ. ಅದು ಬಂದದ್ದು ಚುಚ್ಚಿದ್ದರಿಂದಲ್ಲ, ಅಂಕಿಯನ್ನು ಇಬ್ಬರೂ ಕೂತು ಓದಿದ್ದರಿಂದ.

ದಿನಕ್ಕೆ ಏಳು ಸಲ ಎಲ್ಲರಿಗೂ ಆಗದ ಮಾತು. ಅದಕ್ಕಿಂತ ಹಗುರಾದದ್ದು ಜೋಡಿ ಪರೀಕ್ಷೆ: ಒಂದು ಊಟದ ಮುಂಚೆ ಒಂದು, ಮೊದಲ ತುತ್ತಿನಿಂದ ಎರಡು ತಾಸಿಗೆ ಇನ್ನೊಂದು. ನಡುವೆ ಏನೂ ತಿನ್ನಬಾರದು, ಚಹಾ ಕೂಡ ಬೇಡ. ಒಂದು ಸಲದ ಜೋಡಿಯನ್ನು ನಂಬಬಾರದು, ಅದೇ ಊಟಕ್ಕೆ ಇನ್ನೊಂದು ದಿನವೂ ನೋಡಬೇಕು.

ಹೀಗೊಂದು ಸ್ಥಿತಿ ಇಟ್ಟುಕೊಳ್ಳೋಣ. ಗದಗಿನ 56 ವರ್ಷದ ಒಬ್ಬ ತಾಯಿ. ಮೆಟ್‌ಫಾರ್ಮಿನ್ ಮತ್ತು ಸಿಟಾಗ್ಲಿಪ್ಟಿನ್ ತಗೊಳ್ಳುತ್ತಾರೆ, ಹಿಮೋಗ್ಲೋಬಿನ್ ಸರಿಯಿದೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡುತ್ತಾರೆ, 118ರಿಂದ 132ರ ನಡುವೆ ಬರುತ್ತದೆ. ‘ಎಲ್ಲಾ ಬರೋಬರಿ ಐತಿ’ ಎಂದುಕೊಂಡವರಿಗೆ ಎಚ್‌ಬಿಎ1ಸಿ 8.2 ಬಂತು. ಅಂದರೆ ಸರಾಸರಿ ಸುಮಾರು 189. ಬೆಳಿಗ್ಗೆಯ 125ಕ್ಕೂ ಈ 189ಕ್ಕೂ ನಡುವಿನ ಶುಗರ್ ಎಲ್ಲಿ ಅಡಗಿದೆ ಎಂಬುದೇ ಪ್ರಶ್ನೆ. ದಿನಾ ಮುಂಜಾನೆ ನೋಡುವುದರಿಂದ ಇದಕ್ಕೆ ಎಂದಿಗೂ ಉತ್ತರ ಸಿಗುವುದಿಲ್ಲ.

ಮೂರು ಊಟಕ್ಕೂ ಎರಡೆರಡು ದಿನ ಜೋಡಿ ಪರೀಕ್ಷೆ ಮಾಡಿದರು, 12 ಸ್ಟ್ರಿಪ್ ಆಯಿತು. ಎರಡು ದಿನದ ಸರಾಸರಿ ಹೀಗಿದೆ ಎಂದುಕೊಳ್ಳಿ. ಮುಂಜಾನೆ ಒಗ್ಗರಣೆ ಅವಲಕ್ಕಿ ದೊಡ್ಡ ತಟ್ಟೆ, ಸಕ್ಕರೆ ಹಾಕಿದ ಚಹಾ: ಮೊದಲು 124, ಆಮೇಲೆ 248. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಮಡಕೆಕಾಳು, ಮಜ್ಜಿಗೆ: 148ರಿಂದ 196. ರಾತ್ರಿ ಒಂಬತ್ತೂವರೆಗೆ ಅನ್ನ ಸಾರು: 142ರಿಂದ 231.

ಇಲ್ಲಿ ನೋಡಬೇಕಾದದ್ದು ಕೊನೆಯ ಅಂಕಿಗಿಂತ ಏರಿಕೆ. ಮುಂಜಾನೆ 124 ಏರಿದೆ, ಮಧ್ಯಾಹ್ನ 48, ರಾತ್ರಿ 89. ಸುಮಾರು 50ಕ್ಕಿಂತ ಹೆಚ್ಚು ಏರಿಸುವ ಊಟದ ಕಡೆ ಮೊದಲು ಕೈಹಾಕಬೇಕು. ಅವಲಕ್ಕಿ ಹಗುರ ನಾಷ್ಟಾ ಎಂಬ ನಂಬಿಕೆ ಹೊಟ್ಟೆಯ ಮಟ್ಟಿಗೆ ನಿಜ, ಶುಗರಿನ ಮಟ್ಟಿಗೆ ಅಲ್ಲ. ಅದು ಚಪ್ಪಟೆ ಮಾಡಿದ ಅಕ್ಕಿಯೇ, ಬೇಗ ಅರಗುತ್ತದೆ. ಜೊತೆಗೆ ಸಕ್ಕರೆ ಚಹಾ ಬೇರೆ. ಜೋಳದ ರೊಟ್ಟಿ ಏರಿಸುವುದೇ ಇಲ್ಲ ಎಂದೂ ಇದರರ್ಥವಲ್ಲ. ಕಾಳು, ಪಲ್ಯ ಜೊತೆಗಿದ್ದು ಎರಡೇ ಇದ್ದುದರಿಂದ ಏರಿಕೆ ಅಷ್ಟಕ್ಕೆ ನಿಂತಿತು. ನಾಲ್ಕು ರೊಟ್ಟಿಗೆ ಲೆಕ್ಕ ಬೇರೆ ಬರುತ್ತದೆ.

ಮೊದಲು ಒಂದು ಹೊತ್ತಿನ ಊಟವನ್ನಷ್ಟೇ ಬದಲಿಸಬೇಕು, ಇಲ್ಲದಿದ್ದರೆ ಯಾವ ಊಟದ ಬದಲಾವಣೆಯಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಅವಲಕ್ಕಿ ಅರ್ಧಕ್ಕೆ ಇಳಿಸಿ, ಮೊಳಕೆ ಹೆಸರುಕಾಳಿನ ಉಸಳಿ ಒಂದು ಬಟ್ಟಲು ಸೇರಿಸಿ, ಚಹಾದಲ್ಲಿ ಸಕ್ಕರೆ ಬಿಟ್ಟರು. ಮತ್ತೆ ಎರಡು ದಿನ ನೋಡಿದಾಗ 121ರಿಂದ 176. ಏರಿಕೆ 124ರಿಂದ 55ಕ್ಕೆ ಬಂತು. ಮುಂದಿನ ವಾರ ರಾತ್ರಿ ಊಟ ಎಂಟಕ್ಕೆ ತಂದು, ಅನ್ನ ಕಡಿಮೆ ಮಾಡಿ, ಊಟದ ಮೇಲೆ 15 ನಿಮಿಷ ಓಣಿಯಲ್ಲಿ ನಡೆದರು: 138ರಿಂದ 182. ಒಟ್ಟು 20 ಸ್ಟ್ರಿಪ್, 400 ರೂಪಾಯಿ. ಇನ್ನು ಮೀಟರ್ ಒಳಗಿಟ್ಟು ಮೂರು ತಿಂಗಳಿಗೆ ಎಚ್‌ಬಿಎ1ಸಿ ಮಾಡಿಸಬೇಕು. ಇಳಿಯದಿದ್ದರೆ ಈ ಹಾಳೆಯನ್ನೇ ಡಾಕ್ಟರ ಮುಂದಿಟ್ಟರೆ ಆಯಿತು, ಊಟದ ನಂತರದ ಏರಿಕೆಗೆ ಬೇರೆ ಗುಳಿಗೆ ಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ. ಹಾಳೆಯಲ್ಲಿ ತಾರೀಖು, ಹೊತ್ತು, ತಿಂದದ್ದು ಎಷ್ಟು, ಎರಡು ಅಂಕಿ ಇಷ್ಟಿದ್ದರೆ ಸಾಕು. ಬರೀ ಅಂಕಿಗಳ ಪಟ್ಟಿಯಿಂದ ಡಾಕ್ಟರಿಗೆ ಏನೂ ಸಿಗುವುದಿಲ್ಲ.

ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್ ಕೂಡ ಈಗ ಸಿಗುತ್ತದೆ. ಸುಮಾರು ಎರಡು ವಾರ ಹಗಲು ರಾತ್ರಿ ತೋರಿಸುತ್ತದೆ, ಖರ್ಚು ಸಾವಿರಗಳ ಲೆಕ್ಕ. ಮೇಲಿನ ಪ್ರಶ್ನೆಗೆ 20 ಸ್ಟ್ರಿಪ್ಪಿನಲ್ಲೇ ಉತ್ತರ ಸಿಗುವಾಗ ಗುಳಿಗೆಯವರಿಗೆ ಇದನ್ನು ಮೊದಲ ಆಯ್ಕೆ ಎನ್ನಲಾರೆ. ರಾತ್ರಿ ನಿದ್ದೆಯಲ್ಲಿ ಶುಗರ್ ಇಳಿಯುತ್ತಿದೆ ಎಂಬ ಅನುಮಾನ ಇದ್ದರೆ ಮಾತ್ರ ಒಮ್ಮೆ ಹಾಕಿಸಬಹುದು.

‘ಗ್ಲಿ’ ಗುಳಿಗೆಯವರು ಮೀಟರ್ ಬಿಡಬಾರದು

ಇವರಿಗೆ ಮೀಟರ್ ಬೇಕಾದದ್ದು ಶುಗರ್ ಏರಿದೆಯೇ ಎಂದು ನೋಡಲಿಕ್ಕಲ್ಲ, ಇಳಿದಿದೆಯೇ ಎಂದು ನೋಡಲಿಕ್ಕೆ. ಕೈ ನಡುಗುವುದು, ಬೆವರು, ಎದೆ ಡವಡವ, ಏಕಾಏಕಿ ಹಸಿವು, ಕಣ್ಣು ಮಂಜು, ಕಾರಣವಿಲ್ಲದ ಸಿಟ್ಟು ಕಂಡರೆ ಆಗಲೇ ಬೆರಳು ಚುಚ್ಚಬೇಕು. ಬೇಸಿಗೆಯಲ್ಲಿ ಹೊಲದಲ್ಲಿದ್ದವರು ಇದನ್ನು ಬಿಸಿಲಿನ ಸುಸ್ತು ಎಂದುಕೊಂಡು ನೆರಳಿಗೆ ಮಲಗಿಬಿಡುತ್ತಾರೆ, ಅಪಾಯ ಇರುವುದು ಅಲ್ಲಿ. ಹತ್ತಿ ಬಿಡಿಸುವ, ಮೆಣಸಿನಕಾಯಿ ಕೊಯ್ಯುವ ಸುಗ್ಗಿಯಲ್ಲಿ ಊಟದ ಹೊತ್ತು ತಪ್ಪುತ್ತದೆ, ದುಡಿಮೆ ಹೆಚ್ಚಾಗುತ್ತದೆ. ಶ್ರಾವಣ ಸೋಮವಾರ, ಏಕಾದಶಿ, ರಂಜಾನಿನ ರೋಜಾ ಹಿಡಿಯುವವರು ಮೊದಲೇ ಡಾಕ್ಟರ ಹತ್ತಿರ ಗುಳಿಗೆಯ ಹೊತ್ತು, ಪ್ರಮಾಣ ಬದಲಿಸಿಕೊಂಡು, ಆ ದಿನಗಳಲ್ಲಿ ಮಧ್ಯಾಹ್ನವೂ ಸಂಜೆಯೂ ನೋಡಿಕೊಳ್ಳಬೇಕು.

ಬಸ್ಸು, ಲಾರಿ, ಟೆಂಪೋ, ಆಟೋ ಓಡಿಸುವವರಿಗೆ ಇದು ಇನ್ನೂ ಮುಖ್ಯ. ದಿನಾ ಪರೀಕ್ಷೆ ಬೇಡವೆನ್ನುವ ಬ್ರಿಟನ್ನಿನ ಸರ್ಕಾರಿ ಮಾರ್ಗದರ್ಶಿ ಕೂಡ ಶುಗರ್ ಅತಿಯಾಗಿ ಇಳಿಸಬಲ್ಲ ಗುಳಿಗೆ ತಗೊಂಡು ವಾಹನ ಓಡಿಸುವವರಿಗೆ, ಯಂತ್ರದ ಮೇಲೆ ಕೆಲಸ ಮಾಡುವವರಿಗೆ ವಿನಾಯಿತಿ ಕೊಡುತ್ತದೆ. ಹಾವೇರಿಯಿಂದ ಹೊರಡುವ ಮುಂಚೆ ಒಮ್ಮೆ, ದಾರಿ ಉದ್ದವಿದ್ದರೆ ನಡುವೆ ನಿಲ್ಲಿಸಿ ಒಮ್ಮೆ ನೋಡಿ. 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಹೊರಡಿ. 70ಕ್ಕಿಂತ ಕೆಳಗಿದ್ದರೆ ಗಾಡಿ ಬದಿಗೆ ಹಾಕಿ, ಶುಗರ್ ಸರಿಯಾದ ಮೇಲೂ 45 ನಿಮಿಷ ಸ್ಟಿಯರಿಂಗ್ ಹಿಡಿಯಬೇಡಿ. ಅಂಕಿ ಸರಿಯಾದರೂ ಮಿದುಳು ಹಾದಿಗೆ ಬರಲು ಅಷ್ಟು ಹೊತ್ತು ಬೇಕು.

70ಕ್ಕಿಂತ ಕೆಳಗೆ ಬಂದಾಗ ಮೂರು ಚಮಚ ಗ್ಲುಕೋಸ್ ಪುಡಿಯನ್ನೋ ಸಕ್ಕರೆಯನ್ನೋ ನೀರಿಗೆ ಹಾಕಿ ಕುಡಿಯಬೇಕು, 15 ನಿಮಿಷಕ್ಕೆ ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ ಕುಡಿಯಬೇಕು. ವೊಗ್ಲಿಬೋಸ್ ಕೂಡ ತಗೊಳ್ಳುವವರಿಗೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲುಕೋಸ್ ಪುಡಿಯೇ ಆಗಬೇಕು. ಸಿಹಿಯೆಂದು ಪೇಢೆ ಕೊಡಬೇಡಿ. ಹಾಲಿನ ಕೊಬ್ಬಿನಿಂದ ಅದರ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಸರಿಹೋದ ಮೇಲೆ ಊಟ ಮಾಡಲೇಬೇಕು, ಏಕೆಂದರೆ ಗ್ಲಿಮೆಪಿರೈಡ್ ಇಡೀ ದಿನ ಕೆಲಸ ಮಾಡುತ್ತದೆ, ಎರಡು ತಾಸಿಗೆ ಶುಗರ್ ಮತ್ತೆ ಇಳಿಯಬಹುದು. ಅವತ್ತೇ ಡಾಕ್ಟರಿಗೆ ತಿಳಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡಿ.

ಬೇರೆ ಗುಂಪಿನ ಗುಳಿಗೆಯವರಿಗೂ ಸ್ವಲ್ಪ ದಿನ ಮೀಟರ್ ಬೇಕಾಗುವ ಸಂದರ್ಭ ಇದೆ: ಉಬ್ಬಸಕ್ಕೋ ಕೀಲುನೋವಿಗೋ ಸ್ಟೆರಾಯ್ಡ್ ಶುರುಮಾಡಿದಾಗ, ಜ್ವರ ಜೋರಾಗಿದ್ದಾಗ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತಗೊಳ್ಳುವವರು ಒಂದು ಮಾತು ನೆನಪಿಡಿ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಮೀಟರಿನಲ್ಲಿ ಅಂಕಿ ಹೆಚ್ಚಿಲ್ಲವೆಂದು ಮನೆಯಲ್ಲಿ ಕೂರಬೇಡಿ, ದವಾಖಾನೆಗೆ ಹೋಗಿ. ಈ ಔಷಧದಲ್ಲಿ ಶುಗರ್ ಅಷ್ಟು ಏರದೆಯೂ ರಕ್ತ ಆಮ್ಲವಾಗುವುದುಂಟು.

ನೋಡುವುದಾದರೆ ಸರಿಯಾಗಿ

ಸೋಪು ನೀರಿನಲ್ಲಿ ಕೈ ತೊಳೆದು ಪೂರ್ತಿ ಒರೆಸಿ. ಮಾವಿನಹಣ್ಣು ಹೆಚ್ಚಿದ ಕೈಯಲ್ಲೇ ಚುಚ್ಚಿದರೆ ಹಣ್ಣಿನ ಶುಗರೂ ಸೇರಿ ಅಂಕಿ ಏರುತ್ತದೆ. ಸ್ಪಿರಿಟ್ ಹಚ್ಚಿದರೆ ಆರುವವರೆಗೆ ಕಾಯಿರಿ. ಬೆರಳ ತುದಿಯ ನಡುವೆ ಬೇಡ, ಬದಿಗೆ ಚುಚ್ಚಿ, ನೋವು ಕಡಿಮೆ. ಹನಿ ಬರಲಿಲ್ಲವೆಂದು ಹಿಂಡಬೇಡಿ, ಹಿಂಡಿದರೆ ಅಂಗಾಂಶದ ನೀರು ಬೆರೆತು ಅಂಕಿ ತಪ್ಪುತ್ತದೆ. ಕೈ ಕೆಳಗೆ ಇಳಿಬಿಟ್ಟರೆ ರಕ್ತ ತಾನಾಗಿ ಬರುತ್ತದೆ.

ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹಾಕಬೇಕು. ಧಾರವಾಡದ ಮಳೆಗಾಲದ ತೇವ, ಗದಗಿನ ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯ ಕಾವು, ಎರಡೂ ಸ್ಟ್ರಿಪ್ ಕೆಡಿಸುತ್ತವೆ. ಡಬ್ಬಿ ಒಡೆದ ಮೇಲೆ ಎಷ್ಟು ತಿಂಗಳು ಎಂಬುದನ್ನು ಅದರ ಮೇಲೆಯೇ ಬರೆದಿರುತ್ತಾರೆ, ಒಡೆದ ದಿನವನ್ನು ಪೆನ್ನಿನಲ್ಲಿ ಬರೆದಿಡಿ. ಮೀಟರ್ ಸರಿಯಿದೆಯೇ ಎಂದು ನೋಡಲು ಲ್ಯಾಬಿಗೆ ಒಯ್ದು, ಖಾಲಿ ಹೊಟ್ಟೆಯಲ್ಲಿ ತೋಳಿನ ರಕ್ತ ಕೊಟ್ಟ ಐದು ನಿಮಿಷದೊಳಗೆ ಬೆರಳು ಚುಚ್ಚಿ ಹೋಲಿಸಿ. ಊಟದ ನಂತರ ಹೋಲಿಸಬೇಡಿ. ಆಗ ಬೆರಳಿನ ರಕ್ತದಲ್ಲಿ ಶುಗರ್ ತೋಳಿನದಕ್ಕಿಂತ ಸಹಜವಾಗಿಯೇ ಹೆಚ್ಚಿರುತ್ತದೆ, ಮೀಟರಿನ ತಪ್ಪಲ್ಲ. ಮನೆಯಲ್ಲಿ ಇಬ್ಬರಿಗೆ ಶುಗರ್ ಇದ್ದರೆ ಚುಚ್ಚುವ ಸೂಜಿಯನ್ನೂ ಪೆನ್ನನ್ನೂ ಇಬ್ಬರೂ ಬಳಸಬೇಡಿ, ಗಂಡಹೆಂಡತಿಯಾದರೂ ಅಷ್ಟೇ. ಕಾಮಾಲೆಯ ವೈರಸ್ ಹೀಗೆ ದಾಟುತ್ತದೆ.

ಹಾಗಾದರೆ ಯಾರಿಗೆ ಯಾವುದು

ಮೆಟ್‌ಫಾರ್ಮಿನ್ ಅಥವಾ ಶುಗರ್ ಅತಿಯಾಗಿ ಇಳಿಸದ ಬೇರೆ ಗುಳಿಗೆ, ಎಚ್‌ಬಿಎ1ಸಿ ಗುರಿಯೊಳಗೆ: ಮೀಟರ್ ಕೊಳ್ಳಬೇಡಿ, ಆರು ತಿಂಗಳಿಗೊಮ್ಮೆ ಲ್ಯಾಬ್. ಅದೇ ಗುಳಿಗೆ, ಎಚ್‌ಬಿಎ1ಸಿ ಗುರಿ ಮೀರಿದೆ: 20 ಸ್ಟ್ರಿಪ್ಪಿನ ಜೋಡಿ ಪರೀಕ್ಷೆ, ಆಮೇಲೆ ಡಾಕ್ಟರ ಭೇಟಿ. ಹಿಮೋಗ್ಲೋಬಿನ್ ಕಡಿಮೆ ಇದ್ದವರಿಗೆ ಮೊದಲು ಅದರ ಚಿಕಿತ್ಸೆ, ಅಲ್ಲಿಯವರೆಗೆ ಲ್ಯಾಬಿನ ಎರಡು ರಕ್ತ. ‘ಗ್ಲಿ’ ಗುಳಿಗೆಯವರಿಗೆ ಮೀಟರ್ ಮನೆಯಲ್ಲಿ, 25 ಸ್ಟ್ರಿಪ್ಪಿನ ಡಬ್ಬಿ ಸಾಕು, ಲಕ್ಷಣ ಕಂಡಾಗ ಮತ್ತು ಊಟ ತಪ್ಪುವ ದಿನ ಬಳಸಲು. ಚಾಲಕರಿಗೆ ಮಾತ್ರ 50ರ ಡಬ್ಬಿ. ಇವರೆಲ್ಲರೂ ಎಚ್‌ಬಿಎ1ಸಿಯನ್ನೂ ಬಿಡುವಂತಿಲ್ಲ.

ಈಗಾಗಲೇ ದಿನಾ ನೋಡುತ್ತಿದ್ದು ನಿಲ್ಲಿಸಬೇಕೆನ್ನುವವರು, ಗುಳಿಗೆಯಲ್ಲಿ ‘ಗ್ಲಿ’ಯಿಂದ ಶುರುವಾಗುವ ಔಷಧವೋ ರೆಪಾಗ್ಲಿನೈಡೋ ಇಲ್ಲವೆಂದು ಖಚಿತ ಮಾಡಿಕೊಂಡು, ಕೊನೆಯ ಎಚ್‌ಬಿಎ1ಸಿ ರಿಪೋರ್ಟ್ ಹಿಡಿದು ಡಾಕ್ಟರಿಗೆ ಒಂದು ಮಾತು ಕೇಳಿ ನಿಲ್ಲಿಸಿ. ಡಬ್ಬಿಯಲ್ಲಿ ಉಳಿದ ಸ್ಟ್ರಿಪ್ ಎಸೆಯಬೇಡಿ. ಅವಧಿ ಮುಗಿಯುವ ಮುಂಚೆ ಮುಂಜಾನೆಯ ನಾಷ್ಟಾಕ್ಕೆ ಎರಡು ದಿನ, ರಾತ್ರಿ ಊಟಕ್ಕೆ ಎರಡು ದಿನ ಜೋಡಿಯಾಗಿ ನೋಡಿ, ಆ ಎಂಟು ಅಂಕಿಯ ಹಾಳೆಯನ್ನು ಮುಂದಿನ ಭೇಟಿಗೆ ಒಯ್ಯಿರಿ.